ಲೋಂಡಾ ಮಾರ್ಗದ ಉಗಿ ಇಂಜಿನ್ನುಗಳ ಬಾಯ್ಲರು: ಎರಡು ಪ್ರತಿಬಲಗಳೂ ತಗಡಿನ ದಪ್ಪವೂ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಅಂಚಿನಲ್ಲಿ, ಕಾಡಿನ ನಡುವೆ ಇರುವ ಲೋಂಡಾ ಊರು ತನ್ನ ಹೆಸರಿಗೆ ರೈಲುಮಾರ್ಗಕ್ಕೇ ಋಣಿಯಾಗಿದೆ. ಹುಬ್ಬಳ್ಳಿಯ ಕಡೆಯಿಂದಲೂ ಬೆಳಗಾವಿಯ ಕಡೆಯಿಂದಲೂ ಬರುವ ಮಾರ್ಗಗಳು ಇಲ್ಲಿ ಕೂಡಿ, ಕ್ಯಾಸಲ್‌ರಾಕ್ ದಾಟಿ, ಘಟ್ಟವಿಳಿದು, ಗೋವೆಯ ಮರ್ಮಗೋವಾ ಬಂದರನ್ನು ಸೇರುತ್ತವೆ. ಈ ಮಾರ್ಗಗಳ ರಾಜಕೀಯ ಮತ್ತು ವಾಣಿಜ್ಯ ಇತಿಹಾಸವನ್ನು ಕುರಿತು ಅಷ್ಟಿಷ್ಟು ಬರೆಹಗಳು ದೊರೆಯುತ್ತವೆ. ಆದರೆ ಸುಮಾರು ಒಂದು ಶತಮಾನ ಕಾಲ ಈ ಮಾರ್ಗದಲ್ಲಿ ಗಾಡಿಗಳನ್ನೆಳೆದ ಉಗಿ ಇಂಜಿನ್ನಿನ ಬಾಯ್ಲರು ಹೇಗೆ ರೂಪುಗೊಂಡಿತು, ಅದರ ತಗಡಿನ ದಪ್ಪವನ್ನು ಯಾವ ಆಧಾರದ ಮೇಲೆ ಗೊತ್ತುಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ಕೇಳಿದವರು ವಿರಳ. ಆ ಪ್ರಶ್ನೆಯನ್ನು ಈ ಲೇಖನದಲ್ಲಿ ವಿವೇಚಿಸುವುದು ನಮ್ಮ ಉದ್ದೇಶ.

ರಿವೆಟ್ ಹೊಡೆದು ಕಟ್ಟಿದ ಹಳೆಯ ಇಂಜಿನ್ನಿನ ಬಾಯ್ಲರಿನ ಮೇಲುಹೊದಿಕೆಯನ್ನು ಬಿಚ್ಚಿ ನೋಡಿದರೆ ಒಂದು ಸಂಗತಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಕೊಳವೆಯಾಕಾರದ ಅದರ ಒಡಲಿಗೆ ಎರಡು ಬಗೆಯ ಹೊಲಿಗೆಗಳಿರುತ್ತವೆ. ಒಡಲನ್ನು ಬಳೆಯಂತೆ ಸುತ್ತುವ ಹೊಲಿಗೆ ಸರಳವಾದುದು. ಒಂದು ತಗಡಿನ ಅಂಚನ್ನು ಇನ್ನೊಂದರ ಮೇಲೇರಿಸಿ, ಒಂದೋ ಎರಡೋ ಸಾಲು ರಿವೆಟ್ ಹೊಡೆದಿರುತ್ತಾರೆ. ಒಡಲಿನ ಉದ್ದಕ್ಕೆ ಸಾಗುವ ಹೊಲಿಗೆಯಾದರೋ ಬಹಳ ಬಲವಾದುದು. ತಗಡಿನ ಎರಡು ಅಂಚುಗಳನ್ನು ಎದುರುಬದುರಾಗಿ ಮುಟ್ಟಿಸಿ, ಒಳಗೊಂದು ಹೊರಗೊಂದು ಪಟ್ಟಿಯಿಟ್ಟು, ಹಲವು ಸಾಲು ರಿವೆಟ್‌ಗಳಿಂದ ಬಿಗಿದಿರುತ್ತಾರೆ. ಒಂದೇ ಬಾಯ್ಲರು, ಒಂದೇ ಉಗಿ, ಒಂದೇ ತಗಡು. ಹಾಗಿದ್ದೂ ಎರಡು ಹೊಲಿಗೆಗಳ ನಡುವೆ ಇಷ್ಟು ಭೇದವೇಕೆ? ಈ ಭೇದದ ಕಾರಣವನ್ನು ತಿಳಿದರೆ ತಗಡಿನ ದಪ್ಪವನ್ನು ಆರಿಸುವ ಕ್ರಮದ ತಿರುಳೇ ತಿಳಿದಂತಾಗುತ್ತದೆ.

1. ಮಾರ್ಗದ ಹಿನ್ನೆಲೆ

ಸದರ್ನ್ ಮರಾಠಾ ರೈಲ್ವೆ ಕಂಪನಿಯು 1882ರಲ್ಲಿ ಸ್ಥಾಪಿತವಾಯಿತು. ಅದರ ಮೀಟರ್ ಗೇಜ್ ಮಾರ್ಗಗಳು 1880ರ ದಶಕದಲ್ಲಿ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಹರಡಿದವು. ಅದೇ ದಶಕದಲ್ಲಿ ಗೋವೆಯ ಕಡೆಯಿಂದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆಯ ಮಾರ್ಗವು ಘಟ್ಟವನ್ನೇರಿ ಕ್ಯಾಸಲ್‌ರಾಕಿಗೆ ಬಂದಿತು. ಇಂಜಿನ್ನುಗಳ ದುರಸ್ತಿಗಾಗಿ 1885ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಯಾಗಾರವು ಆರಂಭವಾಯಿತು. 1908ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. ಈಗ ಈ ಪ್ರದೇಶವು 2003ರಲ್ಲಿ ಕಾರ್ಯಾರಂಭ ಮಾಡಿದ ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. 1990ರ ದಶಕದಲ್ಲಿ ಮಾರ್ಗಗಳು ಬ್ರಾಡ್ ಗೇಜಿಗೆ ಬದಲಾದವು.

ನಮ್ಮ ವಿಷಯಕ್ಕೆ ಈ ಮಾರ್ಗದ ಎರಡು ಲಕ್ಷಣಗಳು ಮುಖ್ಯವಾದವು. ಮೊದಲನೆಯದು, ಘಟ್ಟದ ಏರು. ಸುಮಾರು 40 ಅಡಿಗೆ 1 ಅಡಿ ಏರುವ ಮಾರ್ಗದಲ್ಲಿ ಭಾರವನ್ನೆಳೆಯಲು ಶಕ್ತಿಯುತವಾದ ಇಂಜಿನ್ನು ಬೇಕು. ಅಂದರೆ ಹೆಚ್ಚಿನ ಉಗಿಯೊತ್ತಡವೂ ದೊಡ್ಡ ಬಾಯ್ಲರೂ ಬೇಕು. ಎರಡನೆಯದು, ಮೀಟರ್ ಗೇಜಿನ ಹಗುರವಾದ ಹಳಿ. ಹಳಿಯು ಪ್ರತಿ ಅಚ್ಚಿನ ಕೆಳಗೆ ಇಂತಿಷ್ಟೇ ಭಾರವನ್ನು ಹೊರಬಲ್ಲದು. ಸ್ವಾತಂತ್ರ್ಯಾನಂತರ ಭಾರತದ ಮೀಟರ್ ಗೇಜ್ ಮಾರ್ಗಗಳಿಗಾಗಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ವೈ.ಪಿ. ಮತ್ತು ವೈ.ಜಿ. ವರ್ಗದ ಇಂಜಿನ್ನುಗಳಲ್ಲಿಯೂ ಅಚ್ಚಿನ ಭಾರವು ಸುಮಾರು ಹತ್ತೂವರೆ ಟನ್ನಿಗೆ ಸೀಮಿತವಾಗಿತ್ತು. ಅವುಗಳ ಬಾಯ್ಲರಿನ ಒತ್ತಡವಾದರೋ ಚದರ ಅಂಗುಲಕ್ಕೆ 210 ಪೌಂಡು. ಒತ್ತಡವು ದಪ್ಪ ತಗಡನ್ನು ಕೇಳುತ್ತದೆ. ಹಳಿಯು ತೆಳು ತಗಡನ್ನು ಕೇಳುತ್ತದೆ. ಈ ಎರಡು ಬೇಡಿಕೆಗಳ ನಡುವೆ ಬಾಯ್ಲರಿನ ವಿನ್ಯಾಸಕಾರನು ದಾರಿ ಹುಡುಕಬೇಕಾಗಿತ್ತು.

2. ಎರಡು ಪ್ರತಿಬಲಗಳು

ಒತ್ತಡವಿರುವ ದ್ರವವನ್ನು ತುಂಬಿದ ಕೊಳವೆಯ ದಪ್ಪ ಎಷ್ಟಿರಬೇಕೆಂಬ ವಿಚಾರವು ಉಗಿಯಂತ್ರಕ್ಕಿಂತ ಹಳೆಯದು. ಫ್ರಾನ್ಸಿನ ಎದ್ಮ್ ಮಾರಿಯೋತ್ ಎಂಬ ವಿಜ್ಞಾನಿಯು ನೀರಿನ ಕೊಳವೆಗಳನ್ನು ಒತ್ತಡದಿಂದ ಒಡೆಯಿಸಿ ನೋಡಿ, ಬೇಕಾದ ದಪ್ಪವು ಒತ್ತಡಕ್ಕೂ ಕೊಳವೆಯ ವ್ಯಾಸಕ್ಕೂ ಅನುಪಾತದಲ್ಲಿರುತ್ತದೆಂದು ಕಂಡನು. ಅವನ ನಿಧನಾನಂತರ 1686ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ನಿರ್ಣಯವಿದೆ. ಇಂದಿನ ಸೂತ್ರದ ಬೀಜವು ಇಲ್ಲಿಯೇ ಇದೆ.

ಸೂತ್ರವನ್ನು ಪಡೆಯುವ ಕ್ರಮ ಸರಳವಾದುದು. ಒಳವ್ಯಾಸ D, ದಪ್ಪ t, ಒಳಗಿನ ಒತ್ತಡ p ಇರುವ ಒಂದು ಕೊಳವೆಯನ್ನು ಭಾವಿಸೋಣ. ಅದರ ಅಕ್ಷದ ಮೂಲಕ, ಉದ್ದುದ್ದವಾಗಿ ಎರಡು ಹೋಳು ಮಾಡಿದೆವೆಂದು ಕಲ್ಪಿಸಿಕೊಳ್ಳೋಣ. L ಉದ್ದದ ತುಂಡಿನಲ್ಲಿ ಉಗಿಯು ಎರಡು ಹೋಳುಗಳನ್ನು ಬೇರ್ಪಡಿಸಲು ಒತ್ತುವ ಬಲವು p × D × L. ಇದನ್ನು ತಡೆಹಿಡಿಯುವುದು ಎರಡು ಬದಿಗಳಲ್ಲಿ ಕತ್ತರಿಸಲ್ಪಟ್ಟ ತಗಡು. ಅದರ ವಿಸ್ತೀರ್ಣ 2 × t × L. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ತಗಡಿನ ಪ್ರತಿ ಚದರ ಅಂಗುಲದ ಮೇಲೆ ಬೀಳುವ ಎಳೆತ, ಎಂದರೆ ಪ್ರತಿಬಲ, ದೊರೆಯುತ್ತದೆ:

ಪರಿಧಿಯ ಪ್ರತಿಬಲ = pD / 2t

ಗಾಡಿಯ ಚಕ್ರಕ್ಕೆ ಹಾಕಿದ ಕಬ್ಬಿಣದ ಹಳಿಯಲ್ಲಿರುವ ಬಿಗಿತದಂತೆ ಇದು ಸುತ್ತಲೂ ಹರಿಯುವ ಎಳೆತ. ಎಂಜಿನಿಯರುಗಳು ಇದನ್ನು ಹೂಪ್ ಸ್ಟ್ರೆಸ್ ಎನ್ನುತ್ತಾರೆ.

ಈಗ ಅದೇ ಕೊಳವೆಯನ್ನು ಅಡ್ಡಡ್ಡಲಾಗಿ ಕತ್ತರಿಸಿದೆವೆಂದು ಭಾವಿಸೋಣ. ಉಗಿಯು ಕೊನೆಯ ಮುಚ್ಚಳವನ್ನು ಒತ್ತುವ ಬಲವು p × πD²/4. ಅದನ್ನು ತಡೆಯುವುದು ಬಳೆಯಾಕಾರದ ಇಡೀ ಅಂಚು. ಅದರ ವಿಸ್ತೀರ್ಣ π × D × t. ಆದುದರಿಂದ,

ಉದ್ದದ ಪ್ರತಿಬಲ = pD / 4t

ಎರಡನೆಯದು ಮೊದಲನೆಯದರ ಸರಿ ಅರ್ಧ. ವ್ಯಾಸವೆಷ್ಟೇ ಇರಲಿ, ಒತ್ತಡವೆಷ್ಟೇ ಇರಲಿ, ತೆಳು ಗೋಡೆಯ ಮುಚ್ಚಿದ ಕೊಳವೆಯಲ್ಲಿ ಈ 2:1 ಅನುಪಾತವು ಬದಲಾಗದು. ಪರಿಧಿಯ ಪ್ರತಿಬಲವು ಕೊಳವೆಯನ್ನು ಉದ್ದುದ್ದವಾಗಿ ಸೀಳಲೆಳಸುತ್ತದೆ. ಉದ್ದದ ಪ್ರತಿಬಲವು ಅದನ್ನು ಅಡ್ಡಲಾಗಿ ತುಂಡರಿಸಲೆಳಸುತ್ತದೆ. ಆದುದರಿಂದ ಉದ್ದಕ್ಕೆ ಸಾಗುವ ಹೊಲಿಗೆಯು ಎರಡು ಪಟ್ಟು ಎಳೆತವನ್ನು ತಾಳಬೇಕು. ಸುತ್ತುವ ಹೊಲಿಗೆಗೆ ಅದರ ಅರ್ಧ ಸಾಮರ್ಥ್ಯವೇ ಸಾಕು. ಬಾಯ್ಲರಿನ ಎರಡು ಹೊಲಿಗೆಗಳ ಭೇದಕ್ಕೆ ಮೂಲಕಾರಣವಿದು. ಇಂಜಿನ್ನಿನ ಬಾಯ್ಲರಿನಲ್ಲಿ ಉದ್ದದ ಪ್ರತಿಬಲವು ಈ ಲೆಕ್ಕಕ್ಕಿಂತಲೂ ಕಡಿಮೆಯೇ ಇರುತ್ತದೆ. ಏಕೆಂದರೆ ಬೆಂಕಿಯ ಹೊಗೆ ಸಾಗುವ ನೂರಾರು ನಳಿಗೆಗಳು ಒಂದು ಕೊನೆಯ ತಗಡನ್ನು ಇನ್ನೊಂದು ಕೊನೆಗೆ ಕಟ್ಟಿ ಹಿಡಿದು, ಆ ಎಳೆತದ ಪಾಲನ್ನು ತಾವೇ ಹೊರುತ್ತವೆ.

3. ಹೊಲಿಗೆಯ ಬಲಹೀನತೆ

ಇಲ್ಲಿಯವರೆಗಿನ ಲೆಕ್ಕವು ಹೊಲಿಗೆಯಿಲ್ಲದ ಕೊಳವೆಗೆ ಸಂಬಂಧಿಸಿದ್ದು. ಆದರೆ ಹತ್ತೊಂಬತ್ತನೆಯ ಶತಮಾನದ ಬಾಯ್ಲರನ್ನು ಚಪ್ಪಟೆ ತಗಡುಗಳನ್ನು ಬಾಗಿಸಿ, ಅಂಚುಗಳನ್ನು ರಿವೆಟ್‌ಗಳಿಂದ ಕೂಡಿಸಿ ಮಾಡುತ್ತಿದ್ದರು. ರಿವೆಟ್ ಹೊಡೆಯಬೇಕಾದರೆ ತೂತು ಬೇಕು. ತೂತು ಕೊರೆದಷ್ಟು ಲೋಹವು ಕಳೆದುಹೋಗುತ್ತದೆ. ಉದಾಹರಣೆಗೆ 2 ಅಂಗುಲಕ್ಕೊಂದರಂತೆ 7/8 ಅಂಗುಲದ ತೂತುಗಳನ್ನು ಕೊರೆದರೆ, ಪ್ರತಿ 2 ಅಂಗುಲದಲ್ಲಿ ಉಳಿಯುವ ಲೋಹವು 1 1/8 ಅಂಗುಲ ಮಾತ್ರ. ಅಂದರೆ ಮೂಲ ತಗಡಿನ ಬಲದಲ್ಲಿ ನೂರಕ್ಕೆ 56 ಭಾಗ.

ಮ್ಯಾಂಚೆಸ್ಟರಿನ ವಿಲಿಯಂ ಫೇರ್‌ಬೇರ್ನ್ ಎಂಬ ಎಂಜಿನಿಯರನು ರಿವೆಟ್ ಜೋಡಣೆಗಳನ್ನು ಎಳೆದು ಹರಿಯಿಸಿ ಪರೀಕ್ಷಿಸಿದನು. 1850ರಲ್ಲಿ ಪ್ರಕಟವಾದ ಅವನ ಫಲಿತಾಂಶಗಳ ಪ್ರಕಾರ ಅಖಂಡ ತಗಡಿನ ಬಲವನ್ನು 100 ಎಂದಿಟ್ಟುಕೊಂಡರೆ, ಎರಡು ಸಾಲು ರಿವೆಟ್‌ಗಳ ಜೋಡಣೆಯ ಬಲವು 70, ಒಂದು ಸಾಲಿನದು 56. ಈ ಸಂಖ್ಯೆಗಳು ಮುಂದೆ ಹಲವು ದಶಕಗಳ ಕಾಲ ಬಾಯ್ಲರು ನಿರ್ಮಾಪಕರ ಕೈಪಿಡಿಗಳಲ್ಲಿ ಉಳಿದುಬಂದವು. ಜೋಡಣೆಯ ಬಲಕ್ಕೂ ಅಖಂಡ ತಗಡಿನ ಬಲಕ್ಕೂ ಇರುವ ಈ ಅನುಪಾತವನ್ನು ನಾವು ಜೋಡಣೆಯ ದಕ್ಷತೆ ಎಂದು ಕರೆಯೋಣ. ಬಾಯ್ಲರಿನ ದಪ್ಪವನ್ನು ನಿರ್ಣಯಿಸುವುದು ತಗಡಿನ ಬಲವಲ್ಲ, ಉದ್ದದ ಹೊಲಿಗೆಯ ದಕ್ಷತೆ. ಹೊಲಿಗೆಯ ಬಳಿ ಬೇಕಾದ ದಪ್ಪವನ್ನು ಇಡೀ ತಗಡಿಗೆ ಕೊಡಬೇಕಾಗುತ್ತದೆ; ಏಕೆಂದರೆ ತಗಡು ಒಂದೇ ದಪ್ಪದ್ದು.

4. ಒಂದು ಲೆಕ್ಕ

ಈ ಮಾತನ್ನು ಅಂಕಿಗಳಿಂದ ಸ್ಪಷ್ಟಪಡಿಸಬಹುದು. ಕೆಳಗಿನ ಅಳತೆಗಳು ಯಾವುದೇ ಒಂದು ನಿರ್ದಿಷ್ಟ ಇಂಜಿನ್ನಿನವಲ್ಲ. ಲೆಕ್ಕದ ಅನುಕೂಲಕ್ಕಾಗಿ ನಾವು ಆರಿಸಿಕೊಂಡವು. ಒತ್ತಡವನ್ನು ಮಾತ್ರ ವೈ.ಜಿ. ವರ್ಗದ 210 ಪೌಂಡು ಎಂದೇ ಇಟ್ಟುಕೊಂಡಿದ್ದೇವೆ. ಒಳವ್ಯಾಸ 60 ಅಂಗುಲ, ಒಡಲಿನ ಉದ್ದ 12 ಅಡಿ ಇರಲಿ. ಉಕ್ಕಿನ ತಗಡು ಚದರ ಅಂಗುಲಕ್ಕೆ 26 ಟನ್, ಎಂದರೆ 58,240 ಪೌಂಡು ಎಳೆತದಲ್ಲಿ ಹರಿಯುತ್ತದೆಂದು ಭಾವಿಸೋಣ. ಸುರಕ್ಷತೆಗಾಗಿ ಅದರ ಐದರಲ್ಲೊಂದು ಪಾಲನ್ನು ಮಾತ್ರ ಬಳಸಿದರೆ, ಅನುಮತಿಸಬಹುದಾದ ಪ್ರತಿಬಲವು 11,648 ಪೌಂಡು.

ಹೊಲಿಗೆಯೇ ಇಲ್ಲದಿದ್ದರೆ ಬೇಕಾಗುವ ದಪ್ಪವು 210 × 60 ÷ (2 × 11,648), ಎಂದರೆ 0.54 ಅಂಗುಲ. ಇದಕ್ಕೆ ತುಕ್ಕಿನಿಂದ ಸವೆಯುವ ಭಾಗವೆಂದು 1/16 ಅಂಗುಲ ಕೂಡಿಸಿದರೆ 0.60, ಮಾರುಕಟ್ಟೆಯಲ್ಲಿ ದೊರೆಯುವ ಅಳತೆಗೆ ಮೇಲೇರಿಸಿದರೆ 5/8 ಅಂಗುಲ. ಇದೇ ಲೆಕ್ಕವನ್ನು ದಕ್ಷತೆಯಿಂದ ಭಾಗಿಸಿ ಮಾಡಿದರೆ ಫಲವು ಬದಲಾಗುತ್ತದೆ. ಉದ್ದದ ಹೊಲಿಗೆಯು ಫೇರ್‌ಬೇರ್ನನ ಎರಡು ಸಾಲಿನ ಜೋಡಣೆಯಾದರೆ 0.77 ಅಂಗುಲ, ಸವೆತ ಸೇರಿ 7/8 ಅಂಗುಲದ ತಗಡು ಬೇಕು. ಒಂದು ಸಾಲಿನ ಜೋಡಣೆಯಾದರೆ 0.97 ಅಂಗುಲ, ಸವೆತ ಸೇರಿ 1 1/16 ಅಂಗುಲ ಬೇಕು.

ಈಗ ಎರಡು ಪಟ್ಟಿಗಳ ಜೋಡಣೆಯನ್ನು ನೋಡೋಣ. ಇದರಲ್ಲಿ ಹೊಲಿಗೆಯ ಪ್ರತಿ ಬದಿಗೆ ಮೂರು ಸಾಲು ರಿವೆಟ್‌ಗಳಿರುತ್ತವೆ. ಒಳಗಿನ ಎರಡು ಸಾಲುಗಳಲ್ಲಿ 3 ಅಂಗುಲಕ್ಕೊಂದು, ಹೊರಗಿನ ಸಾಲಿನಲ್ಲಿ 6 ಅಂಗುಲಕ್ಕೊಂದು ರಿವೆಟ್. ತಗಡಿನ ಪೂರ್ಣ ಎಳೆತವು ಮೊದಲು ಮುಟ್ಟುವುದು ಹೊರಗಿನ ಸಾಲನ್ನು. ಅಲ್ಲಿ ತೂತುಗಳು ವಿರಳವಾದುದರಿಂದ ನೂರಕ್ಕೆ 85 ಭಾಗ ಲೋಹವು ಉಳಿದಿರುತ್ತದೆ. ಒಳಸಾಲಿನಲ್ಲಿ ತೂತುಗಳು ದಟ್ಟವಾಗಿದ್ದರೂ, ಅಷ್ಟರಲ್ಲಿ ಎಳೆತದ ಒಂದು ಪಾಲನ್ನು ಹೊರಸಾಲಿನ ರಿವೆಟ್ ಪಟ್ಟಿಗೆ ದಾಟಿಸಿರುತ್ತದೆ. ಜೊತೆಗೆ ಒಳಸಾಲಿನ ರಿವೆಟ್ ತುಂಡಾಗಬೇಕಾದರೆ ಎರಡು ಕಡೆ ತುಂಡಾಗಬೇಕು. ಎಲ್ಲ ಬಗೆಯ ಮುರಿತಗಳನ್ನೂ ಲೆಕ್ಕಹಾಕಿ, ಅವುಗಳಲ್ಲಿ ಅತ್ಯಂತ ಬಲಹೀನವಾದುದನ್ನು ಹಿಡಿದರೆ ಈ ಜೋಡಣೆಯ ದಕ್ಷತೆಯನ್ನು 82 ಎಂದಿಟ್ಟುಕೊಳ್ಳಬಹುದು. ಆಗ ಬೇಕಾದ ದಪ್ಪವು 0.66 ಅಂಗುಲ, ಸವೆತ ಸೇರಿ 0.72, ಆರಿಸಬೇಕಾದ ತಗಡು 3/4 ಅಂಗುಲ.

ಈ ಆಯ್ಕೆಯಿಂದ ಉಳಿಯುವ ಭಾರವೆಷ್ಟು? ಒಂದು ಅಂಗುಲ ದಪ್ಪದ ಉಕ್ಕಿನ ತಗಡು ಚದರ ಅಡಿಗೆ ಸುಮಾರು 40.8 ಪೌಂಡು ತೂಗುತ್ತದೆ. ನಮ್ಮ ಒಡಲಿನ ಮೇಲ್ಮೈ ಸುಮಾರು 188 ಚದರ ಅಡಿ. 1 1/16 ಅಂಗುಲದ ಬದಲು 3/4 ಅಂಗುಲದ ತಗಡನ್ನು ಬಳಸಿದರೆ ಸುಮಾರು 2,400 ಪೌಂಡು, ಎಂದರೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ಭಾರವು ಉಳಿಯುತ್ತದೆ. ಅಚ್ಚಿನ ಭಾರವು ಹತ್ತೂವರೆ ಟನ್ನಿಗೆ ಕಟ್ಟುಬಿದ್ದಿರುವ ಇಂಜಿನ್ನಿನಲ್ಲಿ ಈ ಒಂದು ಟನ್ನನ್ನು ದೊಡ್ಡ ಬೆಂಕಿಗೂಡಿಗೋ ಹೆಚ್ಚು ನಳಿಗೆಗಳಿಗೋ ಕೊಡಬಹುದು. ಮೀಟರ್ ಗೇಜಿನ ಹಳಿಯು ಬೇಡಿದ ಹಗುರತನವನ್ನು ವಿನ್ಯಾಸಕಾರನು ಪಡೆದುದು ತಗಡಿನಿಂದಲ್ಲ, ಹೊಲಿಗೆಯಿಂದ.

ಇನ್ನು ಸುತ್ತುವ ಹೊಲಿಗೆ. ಅದಕ್ಕೆ 82ರ ಅರ್ಧ, ಎಂದರೆ 41ರ ದಕ್ಷತೆ ಸಾಕು. ಒಂದು ಸಾಲಿನ ಜೋಡಣೆಗೆ ಫೇರ್‌ಬೇರ್ನನು 56 ಕೊಟ್ಟಿರುವುದರಿಂದ ಅದೇ ಸಾಕೆಂದು ತೋರಬಹುದು. ಆದರೆ ಇಲ್ಲಿ ಎಚ್ಚರಿಕೆ ಬೇಕು. ತಗಡು ದಪ್ಪವಾದಂತೆ ಅದು ಹೊರುವ ಬಲವು ಹೆಚ್ಚುತ್ತದೆ; ರಿವೆಟ್ಟಿನ ಬಲವಾದರೋ ಹಾಗೆಯೇ ಇರುತ್ತದೆ. 3/4 ಅಂಗುಲದ ತಗಡಿನಲ್ಲಿ 2 ಅಂಗುಲಕ್ಕೊಂದರಂತೆ 7/8 ಅಂಗುಲದ ರಿವೆಟ್‌ಗಳ ಒಂದೇ ಸಾಲಿದ್ದರೆ, ತಗಡು ಹರಿಯುವ ಮೊದಲೇ ರಿವೆಟ್ ತುಂಡಾಗುತ್ತದೆ. ರಿವೆಟ್ಟಿನ ಉಕ್ಕು ಕತ್ತರಿಗೆ ಚದರ ಅಂಗುಲಕ್ಕೆ 23 ಟನ್ ತಾಳುತ್ತದೆಂದು ಹಿಡಿದರೆ, ಆ ಜೋಡಣೆಯ ನಿಜವಾದ ದಕ್ಷತೆ ಸುಮಾರು 35. ಅದು ಸಾಲದು. ಎರಡು ಸಾಲಿಟ್ಟರೆ ರಿವೆಟ್‌ಗಳ ಬಲವು ಇಮ್ಮಡಿಯಾಗಿ 70ಕ್ಕೇರುತ್ತದೆ, ತಗಡಿನ ಬಲವು 56ರಲ್ಲಿ ಉಳಿಯುತ್ತದೆ. ಎರಡರಲ್ಲಿ ಕಡಿಮೆಯಾದ 56 ಬೇಕಾದ 41ನ್ನು ಸುಲಭವಾಗಿ ದಾಟುತ್ತದೆ. ಅಂದಮೇಲೆ ಕೈಪಿಡಿಯ ದಕ್ಷತೆಯನ್ನು ಎಲ್ಲ ದಪ್ಪದ ತಗಡಿಗೂ ಹಚ್ಚಲಾಗದು. 1 1/16 ಅಂಗುಲದ ತಗಡಿಗೆ ಒಂದು ಸಾಲಿನ ಹೊಲಿಗೆ ಎಂಬ ಮೇಲಿನ ಉತ್ತರವೂ ಇದೇ ಕಾರಣದಿಂದ ಕಾಗದದ ಮೇಲಿನ ಉತ್ತರವೇ ಸರಿ. ಕಾರ್ಯಾಗಾರದಲ್ಲಿ ಅದು ನಿಲ್ಲದು.

ಕೊನೆಗೆ ಸವೆತದ ಪರೀಕ್ಷೆ. 3/4 ಅಂಗುಲದ ತಗಡು ಬಹುಕಾಲದ ಸೇವೆಯಲ್ಲಿ ಸವೆದು 11/16 ಅಂಗುಲವಾಯಿತೆನ್ನೋಣ. ಆಗ ಪರಿಧಿಯ ಪ್ರತಿಬಲವು ತಗಡಿನಲ್ಲಿ 9,164 ಪೌಂಡು. ಹೊಲಿಗೆಯ ಲೆಕ್ಕದಲ್ಲಿ ಸುಮಾರು 11,175 ಪೌಂಡು. ಇದು 11,648ರೊಳಗೇ ಇದೆ. ಇದಕ್ಕಿಂತ ಹೆಚ್ಚು ಸವೆದರೆ ಬಾಯ್ಲರನ್ನು ಎಸೆಯಬೇಕಾಗಿಲ್ಲ. ಸೂತ್ರವನ್ನು ತಿರುಗಿಸಿ, ಉಳಿದ ದಪ್ಪಕ್ಕೆ ತಕ್ಕ ಒತ್ತಡವನ್ನು ಕಂಡುಹಿಡಿದು, ಸುರಕ್ಷಾ ಕವಾಟವನ್ನು ಆ ಕಡಿಮೆ ಒತ್ತಡಕ್ಕೆ ಹೊಂದಿಸಬಹುದು. ಹಳೆಯ ಬಾಯ್ಲರುಗಳ ಒತ್ತಡವನ್ನು ಇಳಿಸಿ ಮುಂದುವರಿಸುವ ಪದ್ಧತಿಗೆ ಆಧಾರವಿದೇ.

5. ಸೂತ್ರವು ಕಾಣದ ಬಿರುಕು

ಉದ್ದದ ಹೊಲಿಗೆಯಿಂದ ಅಂಚೇರಿಸಿದ ಜೋಡಣೆಯನ್ನು ತೆಗೆದುಹಾಕಿದುದಕ್ಕೆ ಭಾರವೊಂದೇ ಕಾರಣವಲ್ಲ. ಮೇಲಿನ ಸೂತ್ರವು ಕೊಳವೆಯು ಪೂರ್ಣ ವೃತ್ತಾಕಾರವಾಗಿದೆಯೆಂದು ನಂಬುತ್ತದೆ. ಒಂದು ಅಂಚು ಇನ್ನೊಂದರ ಮೇಲೇರಿದಲ್ಲಿ ವೃತ್ತವು ಕೆಡುತ್ತದೆ. ಎರಡೂ ತಗಡುಗಳ ಎಳೆತದ ರೇಖೆಗಳು ಒಂದೇ ನೇರದಲ್ಲಿರದೆ, ತಗಡಿನ ದಪ್ಪದಷ್ಟು ಸರಿದಿರುತ್ತವೆ. ಒತ್ತಡವೇರಿದಾಗ ಹೊಲಿಗೆಯು ವೃತ್ತವಾಗಲು ಬಾಗುತ್ತದೆ, ಇಳಿದಾಗ ಹಿಂದಿರುಗುತ್ತದೆ. ಬೆಂಕಿ ಹೊತ್ತಿಸಿದಾಗಲೆಲ್ಲ, ಆರಿಸಿದಾಗಲೆಲ್ಲ ಈ ಬಾಗಾಟ ನಡೆದು, ವರ್ಷಗಳ ತರುವಾಯ ಅಂಚಿನ ಗುಂಟ ತಗಡಿನಲ್ಲಿ ಗೀರಿನಂಥ ತೋಡು ಬೀಳುತ್ತದೆ. ನೀರು ಆ ತೋಡನ್ನು ಕೊರೆದು ಆಳವಾಗಿಸುತ್ತದೆ. ಬಿರುಕು ಮೇಲಿನ ತಗಡಿನ ಮರೆಯಲ್ಲಿರುವುದರಿಂದ ಕಣ್ಣಿಗೆ ಬೀಳದು.

ಇದರ ಪರಿಣಾಮವನ್ನು ಜಗತ್ತು ಸ್ಪಷ್ಟವಾಗಿ ಕಂಡುದು 1905ರ ಮಾರ್ಚ್ 20ರಂದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಪಟ್ಟಣದ ಗ್ರೋವರ್ ಪಾದರಕ್ಷೆಯ ಕಾರ್ಖಾನೆಯಲ್ಲಿ ಇಂಥ ಹೊಲಿಗೆಯ ಬಾಯ್ಲರು ಸಿಡಿದು, ಕಟ್ಟಡ ಕುಸಿದು ಬೆಂಕಿ ಹತ್ತಿ, 58 ಜನ ಸತ್ತರು. ಆ ರಾಜ್ಯವು 1907ರಲ್ಲಿ ಬಾಯ್ಲರು ನಿಯಮಗಳನ್ನು ಮಾಡಿತು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಪ್ರಸಿದ್ಧ ಬಾಯ್ಲರು ಸಂಹಿತೆಯು 1915ರಲ್ಲಿ ಹೊರಬಂದಿತು. ಭಾರತದಲ್ಲಿ ಈ ಬಗೆಯ ಶಾಸನವು ಇನ್ನೂ ಮೊದಲೇ ಆರಂಭವಾಗಿತ್ತು. 1863ರಲ್ಲಿ ಕಲಕತ್ತೆಯಲ್ಲಿ ನಡೆದ ಒಂದು ಬಾಯ್ಲರು ಸ್ಫೋಟದ ಫಲವಾಗಿ 1864ರಲ್ಲಿ ಬಂಗಾಳದ ಕಾಯಿದೆ ಬಂದಿತು. ಇತರ ಪ್ರಾಂತಗಳು ಅನುಸರಿಸಿದವು. ಪ್ರಾಂತಕ್ಕೊಂದು ನಿಯಮವಿದ್ದ ಗೊಂದಲವನ್ನು 1923ರ ಭಾರತೀಯ ಬಾಯ್ಲರು ಕಾಯಿದೆಯು ಹೋಗಲಾಡಿಸಿತು. 1950ರಲ್ಲಿ ಅದರಡಿಯಲ್ಲಿ ಭಾರತೀಯ ಬಾಯ್ಲರು ನಿಯಮಾವಳಿ ಹೊರಬಂದಿತು. 1923ರ ಕಾಯಿದೆಯ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯಿದೆ ಬಂದಿದೆ. ಗಮನಿಸತಕ್ಕ ಸಂಗತಿಯೆಂದರೆ, 1923ರ ಕಾಯಿದೆಯು ರೈಲ್ವೆಯ ಇಂಜಿನ್ನುಗಳ ಬಾಯ್ಲರುಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಬೆಳಗಾವಿ ಸೀಮೆಯ ಗಿರಣಿಯೊಂದರ ಬಾಯ್ಲರನ್ನು ಸರ್ಕಾರದ ಬಾಯ್ಲರು ಇನ್‌ಸ್ಪೆಕ್ಟರನು ಪರೀಕ್ಷಿಸುತ್ತಿದ್ದನು. ಲೋಂಡಾದಲ್ಲಿ ನಿಂತ ಇಂಜಿನ್ನಿನ ಬಾಯ್ಲರಿಗೆ ರೈಲ್ವೆಯ ಸ್ವಂತ ತಪಾಸಣೆಯೇ ಆಧಾರವಾಗಿತ್ತು.

ಅಡಗಿದ ಬಿರುಕನ್ನು ಹೇಗೆ ತಿಳಿಯುವುದು? ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಸುಮಾರು ಒಂದೂವರೆ ಪಟ್ಟು ಒತ್ತುವುದು ರೂಢಿಯ ಪರೀಕ್ಷೆ. ನೀರು ಕುಗ್ಗದ ದ್ರವವಾದುದರಿಂದ ಪರೀಕ್ಷೆಯಲ್ಲಿ ತಗಡು ಸೀಳಿದರೂ ಉಗಿಯಂತೆ ಸಿಡಿಯದು. ಒತ್ತಡವು ಒಮ್ಮೆಗೇ ಇಳಿದುಹೋಗುತ್ತದೆ. ಆದರೆ ಅರ್ಧ ದಾರಿಗೆ ಬಂದಿರುವ ಬಿರುಕು ಆ ಒಂದು ದಿನದ ಒತ್ತಡವನ್ನು ತಾಳಿ, ತಿಂಗಳುಗಳ ನಂತರ ಹರಿಯಬಹುದು. ಆದುದರಿಂದ ಅನುಭವಿ ತಪಾಸಕರು ಬೇರೆ ಕುರುಹುಗಳನ್ನೂ ನೋಡುತ್ತಿದ್ದರು: ಹೊಲಿಗೆಯ ಗುಂಟ ಒಣಗಿದ ಬಿಳಿ ಉಪ್ಪಿನ ಗೆರೆ, ತುಕ್ಕಿನ ಜಾಡು, ಎಷ್ಟು ಸಲ ಅಂಚನ್ನು ಬಡಿದು ಮುಚ್ಚಿದರೂ ಮತ್ತೆ ಮತ್ತೆ ಅದೇ ಸ್ಥಳದಲ್ಲಿ ಸೋರುವುದು, ಸುತ್ತಿಗೆಯಿಂದ ತಟ್ಟಿದಾಗ ರಿವೆಟ್ ಕೊಡುವ ಬೊದ್ದು ಸದ್ದು. ತಗಡಿನ ಉಳಿದ ದಪ್ಪ ತಿಳಿಯಲು ಸಣ್ಣ ತೂತು ಕೊರೆದು ಅಳೆದು, ಮತ್ತೆ ಮುಚ್ಚುವುದೂ ಉಂಟು. ಈಗ ಆ ಕೆಲಸವನ್ನು ಶ್ರವಣಾತೀತ ಧ್ವನಿಯ ಉಪಕರಣವು ತೂತಿಲ್ಲದೆಯೇ ಮಾಡುತ್ತದೆ.

6. ಸೂತ್ರದ ಎಲ್ಲೆಗಳು

ಸೂತ್ರವು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನೂ ಹೇಳಬೇಕು. ತಗಡಿನ ದಪ್ಪದಲ್ಲೆಲ್ಲ ಪ್ರತಿಬಲವು ಒಂದೇ ಸಮನಾಗಿದೆಯೆಂದು ನಾವು ಭಾವಿಸಿದೆವು. ನಿಜವಾಗಿ ಒಳಮೈಯಲ್ಲಿ ಅದು ಹೆಚ್ಚು, ಹೊರಮೈಯಲ್ಲಿ ಕಡಿಮೆ. 1833ರಲ್ಲಿ ಫ್ರಾನ್ಸಿನ ಲಾಮೆ ಮತ್ತು ಕ್ಲಾಪೆರಾನ್ ಎಂಬವರು ದಪ್ಪ ಗೋಡೆಗೂ ಸಲ್ಲುವ ನಿಷ್ಕೃಷ್ಟ ಸೂತ್ರವನ್ನು ಕೊಟ್ಟರು. ಅದರ ಪ್ರಕಾರ ನಮ್ಮ 3/4 ಅಂಗುಲದ ಒಡಲಿನ ಒಳಮೈಯಲ್ಲಿ ಪ್ರತಿಬಲವು ಸುಮಾರು 8,506 ಪೌಂಡು. ನಮ್ಮ ಸರಳ ಸೂತ್ರದ ಪ್ರಕಾರ 8,400. ಭೇದವು ನೂರಕ್ಕೆ ಒಂದೂಕಾಲು ಮಾತ್ರ. ದಪ್ಪವು ವ್ಯಾಸದ ಇಪ್ಪತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿರುವವರೆಗೆ ಸರಳ ಸೂತ್ರವನ್ನು ನಂಬಬಹುದೆಂಬುದು ರೂಢಿಯ ಮಾತು. ನಮ್ಮ ಬಾಯ್ಲರಿನಲ್ಲಿ ಅದು ಎಂಬತ್ತನೆಯ ಒಂದು ಭಾಗ.

ಎರಡನೆಯ ಎಲ್ಲೆಯು ಇದಕ್ಕಿಂತ ಗಂಭೀರವಾದುದು. ಸೂತ್ರವು ದುಂಡಾದ ಒಡಲಿಗೆ ಮಾತ್ರ ಸಲ್ಲುತ್ತದೆ. ಇಂಜಿನ್ನಿನ ಹಿಂಬದಿಯ ಬೆಂಕಿಗೂಡಿನ ಗೋಡೆಗಳು ಚಪ್ಪಟೆ. ಅವು ತಮ್ಮ ಆಕಾರದಿಂದ ಒತ್ತಡವನ್ನು ತಾಳಲಾರವು. ಆದುದರಿಂದ ಒಳಗೋಡೆ ಹೊರಗೋಡೆಗಳನ್ನು ಕೆಲವು ಅಂಗುಲಗಳಿಗೊಂದರಂತೆ ಸರಳುಗಳಿಂದ ಕಟ್ಟಿರುತ್ತಾರೆ. ಬೆಂಕಿಗೂಡಿನ ಛಾವಣಿಯು ಸದಾ ನೀರಿನಲ್ಲಿ ಮುಳುಗಿರಬೇಕು. ನೀರು ತಗ್ಗಿ ಅದು ಬರಿದಾದರೆ ಕೆಂಪಗೆ ಕಾದು, ಬಲ ಕಳೆದುಕೊಂಡು, ಒಳಕ್ಕೆ ಕುಸಿಯುತ್ತದೆ. ಕ್ಯಾಸಲ್‌ರಾಕಿನ ಘಟ್ಟದಂಥಲ್ಲಿ ಈ ಅಪಾಯವು ವಿಶೇಷ. 40ಕ್ಕೆ 1ರ ಇಳಿಜಾರಿನಲ್ಲಿ 12 ಅಡಿ ಉದ್ದದ ಬಾಯ್ಲರಿನ ಎರಡು ಕೊನೆಗಳಲ್ಲಿ ನೀರಿನ ಮಟ್ಟಕ್ಕೆ 3 1/2 ಅಂಗುಲಕ್ಕೂ ಹೆಚ್ಚಿನ ಭೇದವಾಗುತ್ತದೆ. ಚಿಮಣಿಯನ್ನು ಮುಂದುಮಾಡಿ ಇಳಿಯುವ ಇಂಜಿನ್ನಿನಲ್ಲಿ ನೀರು ಮುಂದಕ್ಕೆ ಸರಿದು, ಹಿಂಬದಿಯ ಛಾವಣಿಯ ಮೇಲೆ ತೆಳುವಾಗುತ್ತದೆ. ಒಡಲಿನ ತಗಡನ್ನು ಎಷ್ಟು ದಪ್ಪ ಮಾಡಿದರೂ ಈ ಅಪಾಯ ತಪ್ಪದು. ಅಲ್ಲಿ ಕಾಯುವುದು ಡ್ರೈವರನ ಕಣ್ಣು, ನೀರಿನ ಗಾಜು, ಛಾವಣಿಯಲ್ಲಿ ಕೂಡಿಸಿದ ಕರಗುವ ಸೀಸದ ಬಿರಡೆ.

7. ಉಪಸಂಹಾರ

ರಿವೆಟ್ಟಿನ ಕಾಲವು ಕಳೆದುಹೋಗಿದೆ. ಇಂದು ಒತ್ತಡದ ಪಾತ್ರೆಗಳನ್ನು ಬೆಸುಗೆಯಿಂದ ಕಟ್ಟುತ್ತಾರೆ. ಕ್ಷಕಿರಣದಿಂದ ಪೂರ್ಣವಾಗಿ ಪರೀಕ್ಷಿಸಿದ ಬೆಸುಗೆಗೆ ನೂರಕ್ಕೆ ನೂರರ ದಕ್ಷತೆಯನ್ನೂ ಕೊಡಬಹುದು. ಮೇಲೆ ಹೇಳಿದ ಅಮೆರಿಕದ ಸಂಹಿತೆಯಲ್ಲಿ ಇಂದಿಗೂ ತೆಳು ಕೊಳವೆಯ ದಪ್ಪವನ್ನು ಕೊಡುವ ಸೂತ್ರವು ಹೀಗಿದೆ:

t = PR / (SE − 0.6P)

ಇಲ್ಲಿ R ಒಳತ್ರಿಜ್ಯ, S ಅನುಮತಿಸಿದ ಪ್ರತಿಬಲ, E ಉದ್ದದ ಜೋಡಣೆಯ ದಕ್ಷತೆ. 0.6P ಎಂಬ ಭಾಗವು ಲಾಮೆಯ ನಿಷ್ಕೃಷ್ಟತೆಯ ಕಡೆಗಿಟ್ಟ ಒಂದು ಹೆಜ್ಜೆ. ನಮ್ಮ ಅಂಕಿಗಳನ್ನು 82ರ ದಕ್ಷತೆಯೊಡನೆ ಇದರಲ್ಲಿಟ್ಟರೆ 0.66ರ ಬದಲು 0.67 ಅಂಗುಲ ದೊರೆಯುತ್ತದೆ. ಅದೇ ಸಂಹಿತೆಯು ಸುತ್ತುವ ಹೊಲಿಗೆಗೆ ಬೇರೊಂದು ಸೂತ್ರವನ್ನು ಕೊಟ್ಟು, ಅಲ್ಲಿ SE ಎಂಬುದನ್ನು 2ರಿಂದ ಗುಣಿಸುತ್ತದೆ. ಆ 2 ಎಂಬ ಅಂಕಿಯು ನಾವು ಮೇಲೆ ಪಡೆದ ಅನುಪಾತವೇ. E ಎಂಬ ಅಕ್ಷರವು ಫೇರ್‌ಬೇರ್ನನ 56, 70ರ ಸಂತತಿಗೆ ಸೇರಿದುದು.

ಲೋಂಡಾದ ಮಾರ್ಗದಲ್ಲಿ ಉಗಿ ಇಂಜಿನ್ನುಗಳು ಈಗ ಓಡುವುದಿಲ್ಲ. ಆದರೂ ಅಲ್ಲಿ ನಿಲ್ಲುವ ಪ್ರತಿಯೊಂದು ಗಾಡಿಯ ಬೋಗಿಗಳ ಕೆಳಗೆ ಬ್ರೇಕಿನ ಗಾಳಿಯನ್ನು ಹಿಡಿದಿಡುವ ದುಂಡು ಪಾತ್ರೆಗಳಿವೆ. ಅವುಗಳ ಗೋಡೆಯಲ್ಲಿಯೂ ಸುತ್ತಲಿನ ಎಳೆತವು ಉದ್ದದ ಎಳೆತದ ಇಮ್ಮಡಿಯಾಗಿಯೇ ಇದೆ. ಅವುಗಳ ದಪ್ಪವನ್ನು ನಿರ್ಣಯಿಸುವುದೂ ಉದ್ದಕ್ಕೆ ಹಾಕಿದ ಬೆಸುಗೆಯೇ. ಹಳೆಯ ಇಂಜಿನ್ನು ಉಳಿದಿರುವ ವಸ್ತುಸಂಗ್ರಹಾಲಯಗಳಲ್ಲಿ ಅದರ ಒಡಲನ್ನು ನೋಡುವ ವಿದ್ಯಾರ್ಥಿಗಳು ಮೊದಲು ಉದ್ದದ ಹೊಲಿಗೆಯನ್ನು ಹುಡುಕಿ, ಸಾಲುಗಳನ್ನೂ ರಿವೆಟ್‌ಗಳ ಅಂತರವನ್ನೂ ಅಳೆದರೆ, ಆ ಬಾಯ್ಲರಿನ ದಪ್ಪವನ್ನೂ ಅದು ತಾಳುತ್ತಿದ್ದ ಒತ್ತಡವನ್ನೂ ತಾವೇ ಬಹುಮಟ್ಟಿಗೆ ಲೆಕ್ಕಹಾಕಬಹುದು.